340ರ ತಾಟು 580 ಆಗುವುದು ಹೇಗೆ: ಮಂಟಪ ಮತ್ತು ಕೇಟರಿಂಗ್ ಕೊಟೇಶನ್ ಹೋಲಿಸುವ ಕ್ರಮ

ಅಕ್ಕನ ಮಗಳ ಮದುವೆ ಗೊತ್ತಾದಾಗ ಮಂಟಪ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಬೀಗರು ಜಮಖಂಡಿಯವರು, ಮದುವೆ ನಮ್ಮ ವಿಜಯಪುರದಲ್ಲಿ, ಅದೂ ಮೇ ತಿಂಗಳ ಬಿಸಿಲಲ್ಲಿ. ನಾಲ್ಕೈದು ಕಡೆ ಓಡಾಡಿ ಕೊನೆಗೆ ಎರಡು ಜಾಗ ಉಳಿದವು. ಒಂದು ಕಡೆ, ‘ತಾಟಿಗೆ 340, ಹಾಲ್ ಫ್ರೀ’ ಅಂದರು. ಇನ್ನೊಂದು ಕಡೆ ಹಾಲ್ ಬಾಡಿಗೆ 1,30,000, ಅಡುಗೆಯವರನ್ನು ನಾವೇ ತರಬೇಕು. ನಮಗೆ ಗೊತ್ತಿದ್ದ ಕೇಟರಿಂಗ್‌ನವರು ಮಧ್ಯಾಹ್ನದ ಊಟಕ್ಕೆ 210 ಹೇಳಿದ್ದರು.

800 ಜನಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು 2,72,000, ಎರಡನೆಯದು 2,98,000. ಭಾವ ಮೊದಲನೆಯದಕ್ಕೇ ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದರು. ಎರಡು ದಿನ ತಡೀರಿ ಅಂದೆ. ಆ ಎರಡು ದಿನದಲ್ಲಿ ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದರಲ್ಲಿನ ರೇಟುಗಳು ನಮ್ಮ ಮದುವೆಯವು. ನಿಮ್ಮ ಊರು, ನಿಮ್ಮ ಸೀಜನ್ನಿಗೆ ಅವು ಬೇರೆ ಇರುತ್ತವೆ. ಲೆಕ್ಕದ ದಾರಿ ಮಾತ್ರ ಇದೇ.

ಮೊದಲ ಹೆಜ್ಜೆ: ಹಾಲಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಹಾಳೆ

ಮ್ಯಾನೇಜರ್ ಮೊದಲು ಕೇಳುವುದು, ‘ಎಷ್ಟ್ ಮಂದಿ ಆಗ್ತಾರ್ರೀ?’ ನಾವು ಒಂದೇ ಸಂಖ್ಯೆ ಹೇಳುತ್ತೇವೆ. ತಪ್ಪು ಶುರುವಾಗುವುದು ಅಲ್ಲೇ. ನಮ್ಮ ಕಡೆ ಮದುವೆ ಅಂದರೆ ಒಂದು ಊಟ ಅಲ್ಲ. ಹಿಂದಿನ ದಿನ ಸಂಜೆ ಬೀಗರು ಬರುತ್ತಾರೆ, ಅರಿಶಿಣ ಆಗುತ್ತದೆ, ರಾತ್ರಿ ಊಟ. ಬೆಳಿಗ್ಗೆ ಉಪ್ಪಿಟ್ಟು, ಸಿರಾ, ಚಹಾ. ಅಕ್ಷತೆ ಬಿದ್ದ ಮೇಲೆ ದೊಡ್ಡ ಊಟ. ಮೂರಕ್ಕೂ ಮಂದಿ ಬೇರೆ ಬೇರೆ. ನಮ್ಮ ಹಾಳೆಯಲ್ಲಿ ರಾತ್ರಿಗೆ 250, ಬೆಳಿಗ್ಗೆಗೆ 300, ಮಧ್ಯಾಹ್ನಕ್ಕೆ 800 ಅಂತ ಬರೆದೆವು.

ಆಮೇಲೆ ಹೊತ್ತಿನ ಲೆಕ್ಕ. ಇದನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಕೊನೆಯ ಪಂಗ್ತಿ ಏಳುವುದು ನಾಲ್ಕಕ್ಕೆ, ಮದುಮಗಳನ್ನು ಕಳಿಸುವಷ್ಟರಲ್ಲಿ ಐದೂವರೆ, ಪಾತ್ರೆ ತೊಳೆದು ಗಾಡಿಗೆ ಹಾಕುವಷ್ಟರಲ್ಲಿ ಏಳು. ಅಂದರೆ ಹಿಂದಿನ ದಿನ ಸಂಜೆ ನಾಲ್ಕರಿಂದ ಮದುವೆ ದಿನ ಸಂಜೆ ಏಳರವರೆಗೆ, ಒಟ್ಟು 27 ಗಂಟೆ ಹಾಲ್ ಬೇಕು.

ಮೂರನೆಯದು ಊಟದ ಪಟ್ಟಿ. ‘ಒಂದು ಸ್ವೀಟು, ಎರಡು ಪಲ್ಯ’ ಅಂತ ಬರೆಯಬೇಡಿ. ಗೋಧಿ ಹುಗ್ಗಿಯೋ, ಬುಂದೆಯೋ, ಜಿಲೇಬಿಯೋ, ಹೆಸರು ಹಾಕಿ. ಚಪಾತಿ, ರೊಟ್ಟಿ ಎರಡೂ ಬೇಕೋ, ಎಣ್ಣೆಗಾಯಿ ಬದನೆ ಇರಬೇಕೋ, ಭಜಿ ಎರಡನೇ ಸಲ ಬಡಿಸುತ್ತಾರೋ, ಅದನ್ನೂ ಬರೆಯಿರಿ. ಈ ಒಂದು ಹಾಳೆಯನ್ನೇ ಎಲ್ಲ ಕಡೆ ಕೊಡಿ. ಒಬ್ಬರು ಹುಗ್ಗಿಗೆ ರೇಟು ಹೇಳಿ, ಇನ್ನೊಬ್ಬರು ಬಾಸುಂದಿಗೆ ಹೇಳಿದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಪ್ರಯೋಜನ ಇಲ್ಲ, ಅಲ್ವಾ?

ಎರಡನೇ ಹೆಜ್ಜೆ: ಬಾಯಿಮಾತು ಬೇಡ, ಮೆಸೇಜಿನಲ್ಲಿ ಉತ್ತರ ತರಿಸಿ

ಹಾಲ್ ನೋಡಿ ಬಂದ ಸಂಜೆಯೇ ವಾಟ್ಸಾಪ್‌ನಲ್ಲಿ ಬರೆದು ಕೇಳಿ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ನಮಸ್ಕಾರ ಸರ್. ಇವತ್ತು ಹಾಲ್ ನೋಡಿ ಬಂದೆವು. ಈ ಕೆಳಗಿನದಕ್ಕೆ ಉತ್ತರ ಬರೆದು ಕಳಿಸಿರಿ. ತಾಟಿನ ರೇಟಿನಲ್ಲಿ ಯಾವ ಯಾವ ಊಟ ಸೇರಿದೆ? ಕನಿಷ್ಠ ಎಷ್ಟು ತಾಟಿನ ದುಡ್ಡು ಕೊಡಲೇಬೇಕು? ತಾಟು ಎಣಿಸುವುದು ಹೇಗೆ? ಹಾಲ್ ಎಷ್ಟರಿಂದ ಎಷ್ಟರವರೆಗೆ? ಅದು ದಾಟಿದರೆ ಗಂಟೆಗೆ ಎಷ್ಟು? ಡೆಕೊರೇಶನ್‌ನಲ್ಲಿ ಏನೇನು ಬರುತ್ತದೆ? ಹೊರಗಿನವರನ್ನು ತಂದರೆ ಚಾರ್ಜ್ ಇದೆಯೇ? ಕರೆಂಟ್, ಜನರೇಟರ್, ಕ್ಲೀನಿಂಗ್, ನೀರು, ಟ್ಯಾಕ್ಸ್ ಇವು ಒಳಗೋ ಹೊರಗೋ?’

ಉತ್ತರ ಬರುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ. ‘ಅದೇನ್ ದೊಡ್ಡದ್ರೀ, ಆಮ್ಯಾಲ ನೋಡೂಣಂತ’ ಅನ್ನುವ ಪ್ರಶ್ನೆ ಯಾವುದೋ, ದುಡ್ಡು ಅಡಗಿರುವುದು ಅಲ್ಲಿಯೇ. ನಮಗೆ ಮೊದಲ ಹಾಲಿನವರು ಏಳಕ್ಕೆ ಉತ್ತರ ಕೊಟ್ಟು ಒಂದನ್ನು ಬಿಟ್ಟಿದ್ದರು. ಅದು ಗಂಟೆ ದಾಟಿದರೆ ಎಷ್ಟು ಅನ್ನುವುದು. ಎರಡು ಸಲ ಫೋನ್ ಮಾಡಿ ಬರೆಸಿಕೊಂಡೆ.

ಮೂರನೇ ಹೆಜ್ಜೆ: ತಾಟು ಎಣಿಸುವುದು ಯಾರು, ಹೇಗೆ

ರೇಟಿನಲ್ಲಿ ಹತ್ತು ರೂಪಾಯಿ ಇಳಿಸಲು ನಾವು ಒಂದು ತಾಸು ಚೌಕಾಸಿ ಮಾಡುತ್ತೇವೆ. 800 ತಾಟಿಗೆ ಅದು 8,000. ಎಣಿಕೆಯಲ್ಲಿ ನೂರು ತಾಟು ಹೆಚ್ಚುಕಡಿಮೆ ಆದರೆ 21,000 ಹೋಗುತ್ತದೆ, ಅದನ್ನು ಕೇಳುವವರು ಇಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಾಕಾನ ಮಗನ ಮದುವೆಯಲ್ಲಿ ಸಂಜೆ ಲೆಕ್ಕಕ್ಕೆ ಕೂತಾಗ ಕೇಟರಿಂಗ್‌ನವರು 1,140 ತಾಟು ಅಂದರು. ಕಾಕಾ ಸುಮ್ನೆ ಕೊಡಲು ಹೊರಟಿದ್ದ. ಊಟದ ಹಾಲಿನಲ್ಲಿ ಒಂದು ಸಲಕ್ಕೆ 120 ಜನ ಕೂರುತ್ತಿದ್ದರು. ಆ ದಿನ ಆದದ್ದು ಎಂಟು ಪಂಗ್ತಿ, ಬಡಿಸಿದ ಹುಡುಗರೇ ಹೇಳಿದರು. ಎಂಟೂ ಪೂರ್ತಿ ತುಂಬಿದ್ದರೂ 960 ದಾಟುವುದಿಲ್ಲ. ಉಳಿದ 180 ಎಲ್ಲಿಂದ ಬಂತು? ತೊಳೆದ ತಾಟು ಮತ್ತೆ ಗುಡ್ಡೆಗೆ ಸೇರಿ ಎರಡು ಸಲ ಎಣಿಕೆಯಾಗಿತ್ತು, ಜೊತೆಗೆ ಅವರದೇ ಕೆಲಸದವರ ಊಟವೂ ಸೇರಿತ್ತು. ಮೋಸ ಅಂತಲೇ ಹೇಳಲಾರೆ. ಎಣಿಸುವ ಕ್ರಮವನ್ನು ಮೊದಲೇ ಮಾತಾಡದಿದ್ದರೆ ಹೀಗೇ ಆಗುತ್ತದೆ.

ಅದಕ್ಕೆ ಎರಡು ಕಡೆಯಿಂದ ಎಣಿಸಿ. ಊಟ ಶುರುವಾಗುವ ಮೊದಲು ಎಷ್ಟು ತಾಟು ತಂದಿದ್ದಾರೆ ಅಂತ ಇಬ್ಬರೂ ನಿಂತು ಎಣಿಸಿ ಚೀಟಿಯಲ್ಲಿ ಬರೆಯಿರಿ. ಮುಗಿದ ಮೇಲೆ ಮುಟ್ಟದೆ ಉಳಿದವನ್ನು ಎಣಿಸಿ ಕಳೆಯಿರಿ. ಉಂಡ ತಾಟು ಅದೇ ಊಟಕ್ಕೆ ತೊಳೆದು ವಾಪಸ್ ಬರಬಾರದು ಅನ್ನುವುದು ಮೊದಲೇ ಮಾತಾಗಿರಲಿ. ಬಾಳೆ ಎಲೆ ಇದ್ದರೆ ಕಟ್ಟಿನ ಲೆಕ್ಕದಲ್ಲಿ ಇದನ್ನೇ ಮಾಡಬಹುದು. ಇನ್ನೊಂದು ಕಡೆ ಮನೆಯ ಒಬ್ಬ ಹುಡುಗನಿಗೆ ಪಂಗ್ತಿ ಎಣಿಸುವ ಕೆಲಸ ಹಚ್ಚಿ. ಪಂಗ್ತಿಗೆ ಎಷ್ಟು ಕುರ್ಚಿ, ಎಷ್ಟು ಪಂಗ್ತಿ, ಕೊನೆಯದರಲ್ಲಿ ಎಷ್ಟು ಖಾಲಿ, ಇಷ್ಟು ಸಾಕು. ಎರಡು ಲೆಕ್ಕ ಹತ್ತಿರ ಬಂದರೆ ಸರಿ.

ಬಫೆಯಲ್ಲಿ ಪಂಗ್ತಿ ಇರುವುದಿಲ್ಲ, ತಾಟಿನ ಎಣಿಕೆ ಒಂದೇ ಗತಿ. ಅಲ್ಲಿ ಒಬ್ಬರೇ ಎರಡು ತಾಟು ತೆಗೆಯುವುದು ಜಾಸ್ತಿ. ಚಾಟ್ ಕೌಂಟರಿನ ಚಿಕ್ಕ ತಟ್ಟೆಯೂ ಒಂದು ಊಟ ಅಂತ ಎಣಿಕೆಯಾದದ್ದನ್ನು ನೋಡಿದ್ದೇನೆ. ಕೂಪನ್ ಕೊಟ್ಟರೆ ಲೆಕ್ಕ ಪಕ್ಕಾ ಆಗುತ್ತದೆ, ನಿಜ. ಆದರೆ ನಮ್ಮ ಕಡೆ ಮದುವೆಗೆ ಬಂದವರ ಕೈಗೆ ಊಟದ ಚೀಟಿ ಕೊಟ್ಟರೆ ಅದನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ.

ಸಣ್ಣ ಮಕ್ಕಳು, ಡ್ರೈವರ್‌ಗಳು, ಬ್ಯಾಂಡಿನವರು, ಫೋಟೋದವರು, ಇವರಿಗೆ ಪೂರ್ತಿ ರೇಟೋ, ಅರ್ಧವೋ, ಇಲ್ಲವೋ ಬರೆಸಿ. ಕೇಟರಿಂಗ್‌ನವರ ಸ್ವಂತ ಆಳುಗಳ ಊಟ ನಿಮ್ಮ ಲೆಕ್ಕಕ್ಕೆ ಬರಬಾರದು.

ನಾಲ್ಕನೇ ಹೆಜ್ಜೆ: ‘ಹಾಲ್ ಫ್ರೀ’ ಅನ್ನುವುದರ ಅರ್ಥ

ಹಾಲ್ ಯಾರೂ ಫ್ರೀ ಕೊಡುವುದಿಲ್ಲ. ಬಾಡಿಗೆಯನ್ನು ತಾಟಿನೊಳಗೆ ಕಲಸಿರುತ್ತಾರೆ. ಹಾಗಾಗಿಯೇ ಕನಿಷ್ಠ ತಾಟಿನ ಶರತ್ತು ಇರುತ್ತದೆ. ನಮ್ಮ ಮೊದಲ ಹಾಲಿನಲ್ಲಿ ಅದು 800. ಬಿಸಿಲಿಗೆ ಹೆದರಿ 650 ಜನ ಬಂದರೂ 800ರ ದುಡ್ಡು ಕೊಡಬೇಕು.

ಜನ ಹೆಚ್ಚಾದರೆ? ಇಲ್ಲಿ ಬಹಳ ಮಂದಿ ಎಡವುತ್ತಾರೆ. 950 ಜನ ಬಂದರು ಅನ್ನಿ. ಹಾಲಿನ ಬಾಡಿಗೆ ಆಗಲೇ 800 ತಾಟಿನಲ್ಲಿ ಹೋಗಿದೆ. ಆದರೂ ಮೇಲಿನ 150 ಜನಕ್ಕೂ 340ರಂತೆಯೇ ಕೊಡುತ್ತೀರಿ, 51,000. ಅಂದರೆ ಪ್ರತಿ ಹೆಚ್ಚಿನ ತಾಟಿಗೂ ಬಾಡಿಗೆ ಮತ್ತೊಮ್ಮೆ ಕಟ್ಟಿದಂತೆ. ಬೇರೆ ಬಾಡಿಗೆ ಇದ್ದಲ್ಲಿ ಅದೇ 150 ಜನಕ್ಕೆ 210ರಂತೆ 31,500 ಸಾಕು. ಪ್ಯಾಕೇಜನ್ನೇ ತೆಗೆದುಕೊಳ್ಳುವುದಾದರೆ ಈ ಒಂದು ಮಾತು ಆಡಿ: ‘800ರ ಮೇಲಿನ ತಾಟಿಗೆ ಊಟದ ರೇಟು ಮಾತ್ರ ಹಾಕ್ರಿ’. ಒಪ್ಪುವವರು ಇದ್ದಾರೆ.

ಚಿಕ್ಕ ಮದುವೆಗೆ ಪ್ಯಾಕೇಜ್ ಒಳ್ಳೆಯದೇ. 300 ಜನದ ಮದುವೆ, ಕನಿಷ್ಠವೂ 300 ಅಂತಿದ್ದರೆ 1,02,000ಕ್ಕೆ ಹಾಲ್, ಊಟ ಎರಡೂ ಮುಗಿಯುತ್ತದೆ. ಎರಡನೇ ಹಾಲಿನ ಬಾಡಿಗೆಯೇ ಅದಕ್ಕಿಂತ ಜಾಸ್ತಿ.

ಐದನೇ ಹೆಜ್ಜೆ: ಡೆಕೊರೇಶನ್, ಆಲ್ಬಮ್ಮಿನದು ಬೇರೆ, ಬೇಸಿಕ್ ಬೇರೆ

ಮೊದಲ ಹಾಲಿನವರು ‘ಡೆಕೊರೇಶನ್ ಸೇರಿಯೇ’ ಅಂದಿದ್ದರು. ಆಲ್ಬಮ್ ತೋರಿಸಿದರು, ಚೆಂಡು ಹೂವು, ಸೇವಂತಿಗೆ, ಬಾಗಿಲ ಕಮಾನು, ಎಲ್ಲ ಕಣ್ಣಿಗೆ ಹಬ್ಬ. ನಾನು ಒಂದು ಫೋಟೋ ಮೇಲೆ ಬೆರಳಿಟ್ಟು, ‘ಇದೇನ್ರೀ ನಮಗ ಬರೂದು?’ ಅಂತ ಕೇಳಿದೆ. ‘ಇಲ್ರೀ, ಅದು ಬ್ಯಾರೆ. ನಿಮಗ ಬೇಸಿಕ್ ಬರ್ತೈತಿ.’ ಬೇಸಿಕ್ ಅಂದರೆ ಸ್ಟೇಜಿನ ಹಿಂದೆ ಬಟ್ಟೆಯ ಪರದೆ, ಪ್ಲಾಸ್ಟಿಕ್ ಹೂವಿನ ಒಂದು ಸಾಲು, ಎರಡು ಕುರ್ಚಿ. ಬೆರಳಿಟ್ಟ ಫೋಟೋದ ರೇಟು 55,000.

ಹೊರಗಿನ ಡೆಕೊರೇಟರ್ ಅಂಥದ್ದನ್ನೇ 40,000ಕ್ಕೆ ಮಾಡುತ್ತೇನೆ ಅಂದ. ಹೊರಗಿನವರನ್ನು ತಂದರೆ ಹಾಲಿನವರ ಚಾರ್ಜ್ 15,000. ಕೂಡಿಸಿ ನೋಡಿ, ಸರಿಯಾಗಿ 55,000! ಎಷ್ಟು ಅಳತೆ ಮಾಡಿ ಇಟ್ಟಿದ್ದಾರೆ. ಎರಡನೇ ಹಾಲಿನಲ್ಲಿ ಈ ಚಾರ್ಜ್ ಇರಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಒಂದು ಫೋಟೋ ಆರಿಸಿ, ಅದನ್ನೇ ಮೆಸೇಜಿನಲ್ಲಿ ಕಳಿಸಿ, ಅದರ ಕೆಳಗೆ ರೇಟು ಬರೆಸಿ. ಹೂವು ನಿಜವಾದದ್ದೋ, ಪ್ಲಾಸ್ಟಿಕ್ಕೋ, ಅರ್ಧರ್ಧವೋ ಕೇಳಿ. ಹಿಂದಿನ ಸಂಜೆಯ ಅರಿಶಿಣಕ್ಕೆ ಬೇರೆ ಸ್ಟೇಜ್ ಇದ್ದರೆ ಅದು ಇನ್ನೊಂದು ಬಿಲ್. ವಧೂವರರ ಹಾರ, ಹೆಸರಿನ ಬೋರ್ಡು, ಹೊರಗಿನ ಲೈಟಿನ ಸರ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ.

ಇನ್ನೊಂದು ಬಹಳ ಮಂದಿಗೆ ಹೊಳೆಯುವುದಿಲ್ಲ. ಡೆಕೊರೇಟರ್‌ಗೆ ಸ್ಟೇಜ್ ಕಟ್ಟಲು ಐದಾರು ತಾಸು ಬೇಕು. ನಿಮ್ಮ ಹಾಲ್ ನಾಲ್ಕಕ್ಕೆ ಶುರು, ಅರಿಶಿಣ ಆರಕ್ಕೆ ಅಂದರೆ ಅವನು ಕಟ್ಟುವುದು ಯಾವಾಗ? ಬೆಳಿಗ್ಗೆಯೇ ಒಳಗೆ ಬಿಟ್ಟರೆ ಅದಕ್ಕೂ ಬಾಡಿಗೆ ಕೇಳುತ್ತಾರೆಯೇ ಅಂತ ಮೊದಲೇ ಕೇಳಿ.

ಆರನೇ ಹೆಜ್ಜೆ: ಗಂಟೆ ದಾಟಿದರೆ

ಹಾಲ್ ಖಾಲಿ ಆಯಿತು ಅಂದರೆ ಯಾವಾಗ? ಮಂದಿ ಹೋದಾಗಲೋ, ಕೊನೆಯ ಪಾತ್ರೆ ಗಾಡಿಗೆ ಹತ್ತಿದಾಗಲೋ? ಓವರ್‌ಟೈಮ್ ಜಗಳ ಎಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಹೆಚ್ಚಿನ ಕಡೆ ಹಾಲಿನವರ ಲೆಕ್ಕ ಎರಡನೆಯದು. ನೀವು ಐದೂವರೆಗೇ ಮನೆ ಸೇರಿರುತ್ತೀರಿ. ಡೆಕೊರೇಟರ್ ಹುಡುಗರು ಪರದೆ ಬಿಚ್ಚುತ್ತಾ, ಅಡುಗೆಯವರು ಕಡಾಯಿ ತಿಕ್ಕುತ್ತಾ ಏಳು ಮಾಡುತ್ತಾರೆ. ಬಿಲ್ ನಿಮ್ಮ ಹೆಸರಿಗೆ.

ಎರಡನೆಯದು, 20 ನಿಮಿಷ ದಾಟಿದರೆ 20 ನಿಮಿಷದ ದುಡ್ಡೋ, ಪೂರ್ತಿ ಗಂಟೆಯದೋ, ಅರ್ಧ ದಿನದ್ದೋ? ಅರ್ಧ ದಿನ ಅನ್ನುವವರೂ ಇದ್ದಾರೆ. ಅರ್ಧ ಗಂಟೆ ಮಾಫಿ, ಆಮೇಲೆ ಗಂಟೆ ಲೆಕ್ಕ ಅಂತ ಕೇಳಿ ಪಡೆಯಬಹುದು. ಮರುದಿನ ಬುಕಿಂಗ್ ಇಲ್ಲದಿದ್ದರೆ ಇದಕ್ಕೆ ಸುಲಭವಾಗಿ ಒಪ್ಪುತ್ತಾರೆ, ಹಾಗಾಗಿ ಮರುದಿನ ಯಾರದಾದರೂ ಮದುವೆ ಇದೆಯಾ ಅಂತ ಮೊದಲೇ ವಿಚಾರಿಸಿ.

ಅಡುಗೆಯವರಿಗೂ ಓವರ್‌ಟೈಮ್ ಇದೆ. ಬಡಿಸುವ ಹುಡುಗರು ದಿನಗೂಲಿಯವರು. ಬೀಗರ ಬಸ್ ತಡವಾಗಿ ಅಕ್ಷತೆ ಒಂದೂವರೆಗೆ ಬಿದ್ದರೆ ಕೊನೆಯ ಪಂಗ್ತಿ ಐದಕ್ಕೆ ಹೋಗುತ್ತದೆ. ಆಗ ‘ಹುಡುಗರು ಹೊಂಟಾರ್ರೀ’ ಅಂತ ತಲೆಗೆ ಇಷ್ಟು ಅಂತ ಕೇಳುತ್ತಾರೆ. ಬಡಿಸುವವರು ಎಷ್ಟು ಜನ, ಎಷ್ಟರವರೆಗೆ ಅನ್ನುವುದನ್ನೂ ಬರೆಸಿ.

ಹಿಂದಿನ ರಾತ್ರಿ ಹೊರಗೆ ಬಯಲಿನಲ್ಲಿ ಡಿಜೆ ಇದ್ದರೆ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು, ಅದು ಕಾನೂನು. ಡಿಜೆಯವರು ಐದು ತಾಸಿನ ರೇಟು ಹೇಳುತ್ತಿದ್ದರೆ ಎಂಟಕ್ಕೆ ಶುರುವಾಗುವ ಕಾರ್ಯಕ್ರಮಕ್ಕೆ ಅದರಲ್ಲಿ ಎರಡೇ ತಾಸು ಉಪಯೋಗ.

ಏಳನೇ ಹೆಜ್ಜೆ: ಕರೆಂಟು, ಜನರೇಟರ್, ಟ್ಯಾಕ್ಸ್

ಮೇ ತಿಂಗಳಲ್ಲಿ ಹೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಜನರೇಟರ್ ಇದೆ ಅಂದರೆ ಸಾಲದು, ಅದರ ಮೇಲೆ ಏನು ಓಡುತ್ತದೆ ಕೇಳಿ. ಲೈಟು, ಫ್ಯಾನಿಗೆ ಮಾತ್ರ ಇದ್ದು, ಎಸಿ ಓಡದಿದ್ದರೆ ಎಸಿ ಹಾಲಿನ ಬಾಡಿಗೆ ಕೊಟ್ಟು ಬೆವರು ಒರೆಸಿಕೊಳ್ಳಬೇಕು. ಮೀಟರ್ ಲೆಕ್ಕ ಇದ್ದಲ್ಲಿ ಕೀಲಿ ತೆಗೆದುಕೊಳ್ಳುವಾಗ ಒಂದು, ಕೊಡುವಾಗ ಒಂದು ಮೀಟರಿನ ಫೋಟೋ ತೆಗೆಯಿರಿ. ಜನರೇಟರಿನ ಗಂಟೆ ತೋರಿಸುವ ಮೀಟರಿಗೂ ಹಾಗೇ.

ಹಾಲ್ ಬಾಡಿಗೆಗೆ ಜಿಎಸ್‌ಟಿ 18%, ಹೊರಗಡೆ ಬಂದು ಮಾಡುವ ಕೇಟರಿಂಗ್‌ಗೆ ಸಾಮಾನ್ಯವಾಗಿ 5%. ಪ್ಯಾಕೇಜ್ ಆದರೆ ಯಾವುದಕ್ಕೆ ಎಷ್ಟು ಹಾಕುತ್ತಾರೆ ಬರೆಸಿ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಅವರ ನಂಬರ್ 15 ಅಕ್ಷರದ್ದು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. gst.gov.in ನಲ್ಲಿ Search Taxpayer ಒತ್ತಿ ಹಾಕಿ ನೋಡಿದರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ.

ಎಂಟನೇ ಹೆಜ್ಜೆ: ಎರಡನ್ನೂ ಒಂದೇ ತಕ್ಕಡಿಗೆ

ಈಗ ಮೊದಲ ಹಾಳೆ ತೆಗೆದು ಎರಡೂ ಕಡೆ ಅದೇ ಜನ, ಅದೇ ಹೊತ್ತು, ಅದೇ ಊಟಕ್ಕೆ ಲೆಕ್ಕ ಹಾಕಿ.

ಮೊದಲ ಹಾಲಿನ 340ರಲ್ಲಿ ಇದ್ದದ್ದು ಮಧ್ಯಾಹ್ನದ ಊಟ ಮತ್ತು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗಿನ ಹಾಲ್ ಮಾತ್ರ. ಟ್ಯಾಕ್ಸ್ ಎಲ್ಲದರಲ್ಲೂ ಸೇರಿದೆ ಅಂತ ಬರೆದುಕೊಟ್ಟಿದ್ದರು:

- 800 ತಾಟು: 2,72,000
- ಹಿಂದಿನ ಸಂಜೆ, ರಾತ್ರಿಗೆ ಹಾಲ್: 40,000
- ರಾತ್ರಿ ಊಟ, 250 ಜನ, 160ರಂತೆ: 40,000
- ನಾಷ್ಟಾ, 300 ಜನ, 80ರಂತೆ: 24,000
- ಡೆಕೊರೇಶನ್: 55,000
- ಜನರೇಟರ್, 6 ಗಂಟೆ: 9,000
- ಕ್ಲೀನಿಂಗ್: 8,000
- ನೀರಿನ ಸಣ್ಣ ಬಾಟಲಿ, 800: 6,400
- ಆರರ ಮೇಲೆ ಒಂದು ಗಂಟೆ: 10,000

ಒಟ್ಟು 4,64,400.

ಎರಡನೇ ಹಾಲಿನ ಬಾಡಿಗೆಯಲ್ಲಿ ಹಿಂದಿನ ದಿನ ನಾಲ್ಕರಿಂದ ಮದುವೆ ದಿನ ಆರರವರೆಗೆ ಸೇರಿತ್ತು:

- ಬಾಡಿಗೆ, 18% ಟ್ಯಾಕ್ಸ್ ಸೇರಿ: 1,53,400
- ಮೂರೂ ಊಟ, 210, 130 ಮತ್ತು 60ರಂತೆ: 2,18,500
- ಡೆಕೊರೇಶನ್: 40,000
- ಜನರೇಟರ್, 6 ಗಂಟೆ: 7,200
- ಕರೆಂಟ್, 300 ಯೂನಿಟ್ ಅಂದಾಜು: 3,600
- ಕ್ಲೀನಿಂಗ್: 5,000
- ನೀರಿನ ಕ್ಯಾನು: 1,200
- ಹೆಚ್ಚಿನ ಪಾತ್ರೆ ಬಾಡಿಗೆ: 6,000
- ಆರರ ಮೇಲೆ ಒಂದು ಗಂಟೆ: 5,000

ಒಟ್ಟು 4,39,900. ಕೇಟರಿಂಗ್‌ನವರಿಗೆ ಜಿಎಸ್‌ಟಿ ನೋಂದಣಿ ಇರಲಿಲ್ಲ, ಅದಕ್ಕೆ ಊಟದ ಮೇಲೆ ಟ್ಯಾಕ್ಸ್ ಬರಲಿಲ್ಲ.

ಈ ಮೊತ್ತವನ್ನು 800ರಿಂದ ಭಾಗಿಸಿ. 340 ಅಂದಿದ್ದ ತಾಟು 580 ಆಯಿತು. ಇನ್ನೊಂದು ಕಡೆ ಅದು 550. ಮೊದಲ ನೋಟಕ್ಕೆ 26,000 ಅಗ್ಗ ಕಂಡದ್ದು ನಿಜದಲ್ಲಿ 24,500 ತುಟ್ಟಿ. ಇದೇ ಲೆಕ್ಕವನ್ನು 650 ಮತ್ತು 950 ಜನಕ್ಕೂ ಒಮ್ಮೆ ಹಾಕಿ. ನಮ್ಮದರಲ್ಲಿ 650ಕ್ಕೆ ಅಂತರ ಸುಮಾರು 55,000ಕ್ಕೆ ಏರಿತು. ಕಾರಣ ಕನಿಷ್ಠ ತಾಟಿನ ಶರತ್ತು.

ಬಾಟಲಿ ಬದಲು ಕ್ಯಾನಿನ ನೀರು ಇಟ್ಟರೆ ಎರಡೂ ಸಮಾನ ಅಲ್ಲ ಅಂತ ಭಾವ ತಕರಾರು ತೆಗೆದರು. ಸರಿಯೇ. ಎರಡನೇ ಕಡೆಗೂ ಬಾಟಲಿ ಹಾಕಿದರೆ ಐದು ಸಾವಿರ ಏರುತ್ತದೆ, ಆದರೂ ಅದೇ ಅಗ್ಗ.

ಕೊನೆಯದು: ಬರೆಸಿಕೊಂಡು ಸಹಿ

ಅಡ್ವಾನ್ಸ್ ಕೊಡುವ ದಿನ ಈ ಉತ್ತರಗಳನ್ನೆಲ್ಲ ಒಂದು ಪುಟಕ್ಕೆ ಇಳಿಸಿ, ಇಬ್ಬರೂ ಸಹಿ ಮಾಡಿ. ರಸೀದಿ ಹಿಂದೆ ಅಚ್ಚಾದ ಸಣ್ಣ ಅಕ್ಷರವನ್ನೂ ಓದಿ. ತಾರೀಖು ಬದಲಾದರೆ ಅಡ್ವಾನ್ಸ್ ಏನಾಗುತ್ತದೆ, ಡಿಪಾಸಿಟ್ ಯಾವ ದಿನ ವಾಪಸ್ ಅನ್ನುವುದು ಅಲ್ಲಿರುತ್ತದೆ. ಊಟದ ಅಂತಿಮ ಸಂಖ್ಯೆ ಹೇಳುವ ದಿನವನ್ನು ಆದಷ್ಟು ಮದುವೆಯ ಹತ್ತಿರಕ್ಕೆ ತನ್ನಿ. ನಮ್ಮ ಕೇಟರಿಂಗ್‌ನವರು ಮೂರು ದಿನ ಮೊದಲು ಅಂದರು. ಆಗ 750 ಹೇಳಿದೆವು, ಅದಕ್ಕಿಂತ ಜಾಸ್ತಿ ಆದದ್ದಕ್ಕೆ ಅದೇ ರೇಟು.

ಮದುವೆ ದಿನ ಪಂಗ್ತಿ ಎಣಿಸುವ ಕೆಲಸ ನಮ್ಮ ತಮ್ಮನ ಮಗನದು. ಒಂದು ಪಂಗ್ತಿಗೆ 120. ಆರು ಪೂರ್ತಿ, ಏಳನೆಯದರಲ್ಲಿ 62 ಜನ. 782. ಡ್ರೈವರ್, ಬ್ಯಾಂಡಿನವರು ಹಿಂದೆ ಬೇರೆ ಉಂಡದ್ದು 24. ಒಟ್ಟು 806. ಸಂಜೆ ಒಲೆ ಪಕ್ಕ ಕುರ್ಚಿ ಹಾಕಿ ಕೂತಾಗ ಕೇಟರಿಂಗ್‌ನವರು ತಮ್ಮ ಚೀಟಿ ತೆಗೆದು 810 ಅಂದರು. ಹುಡುಗ ನನ್ನ ಕಿವಿಯಲ್ಲಿ, ‘ದೊಡ್ಡಪ್ಪ, ನಾಕು ಜಾಸ್ತಿ ಹೇಳಾಕತ್ತಾರ’ ಅಂದ. ‘ಇರಲಿ ಬಿಡೋ, ನೀನs ಎರಡು ಸಲ ಉಂಡೀದಿ’ ಅಂದೆ. 810ಕ್ಕೇ ದುಡ್ಡು ಎಣಿಸಿ ಕೊಟ್ಟೆವು.